ರಜೆ ಅರ್ಜಿಯಲ್ಲ, ಕೆಲಸದ ಅರ್ಜಿ

ಕಾಯಿಲೆಯ ಬಗ್ಗೆ ಪತ್ರ ಬರೆಯುವುದನ್ನು ನಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲಿ ಕಲಿಯುವುದು ಒಂದೇ ಒಂದು ಸಲ, ರಜೆ ಅರ್ಜಿಯ ಪಾಠದಲ್ಲಿ. ಇವರಿಂದ, ಇವರಿಗೆ, ಮಾನ್ಯರೇ, ಜ್ವರದಿಂದ ಬಳಲುತ್ತಿರುವುದರಿಂದ ಎರಡು ದಿನ ರಜೆ ಮಂಜೂರು ಮಾಡಬೇಕೆಂದು ತಮ್ಮಲ್ಲಿ ಕೋರುತ್ತೇನೆ, ಇಂತಿ ತಮ್ಮ ವಿಧೇಯ. ಬೀದರಿನ ಸರಕಾರಿ ಶಾಲೆಯಲ್ಲಿ ಓದಿದವರಿಗೂ ಹೈದರಾಬಾದಿನ ಕಾಚಿಗೂಡದ ನೃಪತುಂಗ ಶಾಲೆಯಲ್ಲಿ ಓದಿದವರಿಗೂ ಅಚ್ಚು ಇದೇ. ಇಂಗ್ಲಿಷ್ ಪಾಠದಲ್ಲಿ ಇದೇ ಪತ್ರ ‘ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ವೇಷ ಬದಲಿಸಿ ಮತ್ತೆ ಬರುತ್ತದೆ. ಮೂವತ್ತು ದಾಟಿದ ಮೇಲೆ, ಎರಡು ವರ್ಷ ಚಿಕಿತ್ಸೆ ಪಡೆದು ಹೊಸದಾಗಿ ಕೆಲಸ ಹುಡುಕುವಾಗ, ಕವರ್ ಲೆಟರಿನಲ್ಲಿ ಆ ಎರಡು ವರ್ಷಗಳಿಗೆ ಲೆಕ್ಕ ಕೊಡಬೇಕಾಗಿ ಬಂದರೆ, ಕೈ ತಾನಾಗಿಯೇ ಆ ಹಳೆಯ ಅಚ್ಚಿಗೆ ಹೋಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದಲೇ. ರಜೆ ಅರ್ಜಿ ಕೇಳುವುದು ಅನುಮತಿಯನ್ನು, ಕ್ಷಮೆಯನ್ನು. ಕೆಲಸದ ಅರ್ಜಿ ಕೊಡಬೇಕಾದದ್ದು ಮಾಹಿತಿಯನ್ನು. ಒಂದರ ಅಚ್ಚಿನಲ್ಲಿ ಇನ್ನೊಂದನ್ನು ಎರಕ ಹೊಯ್ದರೆ ಅರ್ಜಿದಾರರು ತಾವು ಮಾಡದ ತಪ್ಪಿಗೆ ಕ್ಷಮೆ ಕೇಳಿದಂತಾಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಈಕೆ ನಿಜವಾದ ಒಬ್ಬ ವ್ಯಕ್ತಿಯಲ್ಲ, ಆದರೆ ಈಕೆಯ ಹಾದಿ ಹೈದರಾಬಾದಿಗೆ ಅಪರಿಚಿತವಲ್ಲ. ಬೀದರಿನವರು, ವಯಸ್ಸು 32. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ದೊಡ್ಡ ದವಾಖಾನೆಗೂ ದೊಡ್ಡ ಕೆಲಸಕ್ಕೂ ಆ ಕಡೆಯ ಜನ ಇವತ್ತಿಗೂ ಹತ್ತುವುದು ಹೈದರಾಬಾದಿನ ಬಸ್ಸನ್ನೇ. ಡಿಪ್ಲೊಮಾ ಮುಗಿಸಿದ ಈಕೆ 2018ರ ಜೂನ್‌ನಿಂದ 2023ರ ಜನವರಿಯವರೆಗೆ ಹೈದರಾಬಾದಿನ ಒಂದು ರೋಗಪತ್ತೆ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದರು. ತಿಂಗಳುಗಟ್ಟಲೆ ಬಿಡದ ಕೆಮ್ಮನ್ನು ಪರೀಕ್ಷಿಸಿದಾಗ ಔಷಧಕ್ಕೆ ಬಗ್ಗದ ಕ್ಷಯ, ಅಂದರೆ ಎಂಡಿಆರ್ ಟಿಬಿ ಎಂದು ಗೊತ್ತಾಯಿತು. ಮಾಮೂಲಿ ಕ್ಷಯವಾಗಿದ್ದರೆ ಚಿಕಿತ್ಸೆ 6 ತಿಂಗಳು. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎಂಬ ಎರಡು ಮುಖ್ಯ ಔಷಧಗಳಿಗೂ ಬಗ್ಗದ ಈ ಕ್ಷಯಕ್ಕೆ, ರೋಗಿಯ ಸ್ಥಿತಿ ನೋಡಿ ಕೆಲವರಿಗೆ ಕಡಿಮೆ ಅವಧಿಯ ಕ್ರಮ ಸಿಗುತ್ತದೆ. ದೀರ್ಘ ಕ್ರಮಕ್ಕೆ ಹಾಕಿದರೆ 18ರಿಂದ 20 ತಿಂಗಳು. ಈಕೆಗೆ ಸಿಕ್ಕಿದ್ದು ದೀರ್ಘವಾದದ್ದು. 2023ರ ಫೆಬ್ರುವರಿಯಲ್ಲಿ ಶುರುವಾದ ಗುಳಿಗೆ 2024ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಎರಡು ತಿಂಗಳು ಸುಧಾರಿಸಿಕೊಂಡು, ಡಿಸೆಂಬರ್‌ನಿಂದ ಮನೆ ಹತ್ತಿರದ ಒಂದು ಚಿಕ್ಕ ಲ್ಯಾಬಿನಲ್ಲಿ ಬೆಳಗ್ಗೆ ನಾಲ್ಕು ಗಂಟೆ ರಕ್ತ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಾರೆ. 2025ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿಗೆ ಅರ್ಜಿ ಹಾಕಲು ಕೂತಿದ್ದಾರೆ.

ಅವರ ಮೊದಲ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ:

‘ಮಾನ್ಯರೇ, ನಾನು 2023ರಿಂದ ಎಂಡಿಆರ್ ಟಿಬಿ ಎಂಬ ಗಂಭೀರ ಕಾಯಿಲೆಯಿಂದ ಬಳಲುತ್ತಿದ್ದೆ. ಇದರಿಂದ ಅನಿವಾರ್ಯವಾಗಿ ಕೆಲಸ ಬಿಡಬೇಕಾಯಿತು. ಇಪ್ಪತ್ತು ತಿಂಗಳು ತುಂಬಾ ಕಷ್ಟ ಅನುಭವಿಸಿದೆ. ದೇವರ ದಯೆಯಿಂದ ಈಗ ಸಾಕಷ್ಟು ಚೆನ್ನಾಗಿದ್ದೇನೆ. ಈ ಅಂತರಕ್ಕಾಗಿ ವಿಷಾದಿಸುತ್ತೇನೆ. ಮನೆಯ ಪರಿಸ್ಥಿತಿಯೂ ಸರಿಯಿಲ್ಲ. ದಯವಿಟ್ಟು ಒಂದು ಅವಕಾಶ ಕೊಟ್ಟರೆ ಪ್ರಾಮಾಣಿಕವಾಗಿ ದುಡಿಯುತ್ತೇನೆ.’

ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೂ ಆಸ್ಪತ್ರೆಯ ಎಚ್‌ಆರ್ ವಿಭಾಗದಲ್ಲಿ ಕೂತು ಇದನ್ನು ಓದುವವರಿಗೆ ಬೇಕಾದ ಒಂದು ಸಂಗತಿಯೂ ಇಲ್ಲ. ಚಿಕಿತ್ಸೆ ಮುಗಿದಿದೆಯೇ? ‘ಸಾಕಷ್ಟು ಚೆನ್ನಾಗಿದ್ದೇನೆ’ ಎಂಬುದು ಮುಗಿದಿಲ್ಲ ಎನ್ನುವಂತೆ ಕೇಳಿಸುತ್ತದೆ. ಈಗ ಲ್ಯಾಬಿನಲ್ಲಿ ನಿಂತು ಕೆಲಸ ಮಾಡಬಲ್ಲರೇ? ಗೊತ್ತಿಲ್ಲ. ಇತರರಿಗೆ ಅಪಾಯವಿದೆಯೇ? ಪತ್ರವೇ ಆ ಭಯವನ್ನು ಹುಟ್ಟಿಸಿ, ಉತ್ತರ ಹೇಳದೆ ಬಿಟ್ಟಿದೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ನಾಲ್ಕು ತಿಂಗಳಿನಿಂದ ದಿನಾ ಬೆಳಗ್ಗೆ ರಕ್ತ ತೆಗೆಯುತ್ತಿರುವ ಸಂಗತಿಯೇ ಇದರಲ್ಲಿಲ್ಲ. ಅದು ಅರ್ಧ ದಿನದ ಕೆಲಸ, ಪಿಎಫ್ ಇಲ್ಲ, ಹೇಳಿಕೊಳ್ಳಲು ನಾಚಿಕೆ ಎಂದು ಬಿಟ್ಟಿದ್ದಾರೆ. ಕೆಲಸ ಮಾಡಬಲ್ಲೆ ಎಂಬುದಕ್ಕೆ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಕ್ಷಿಯೇ ಅದು.

ಕಾಯಿಲೆ ಬಂದು ಹೋದವರ ಬಗ್ಗೆ ಕೆಲಸ ಕೊಡುವವರು ಏನು ಕೇಳಬಹುದು, ಏನು ಕೇಳಬಾರದು ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. 1997ರಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ ಅರ್ಜಿದಾರರ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಮರೆಮಾಡಿ ಎಂಎಕ್ಸ್ ಮತ್ತು ಝಡ್‌ವೈ ಎಂದು ಕರೆಯಲಾಯಿತು. ಎಂಎಕ್ಸ್ ಒಂದು ಸಾರ್ವಜನಿಕ ಸಂಸ್ಥೆಯ ದಿನಗೂಲಿ ನೌಕರ. ವೈದ್ಯಕೀಯ ಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದು ಗೊತ್ತಾದ ಮೇಲೆ ಸಂಸ್ಥೆ ಕೆಲಸ ನಿರಾಕರಿಸಿತು. ಕೆಲಸ ಮಾಡುವ ಶಕ್ತಿ ಅವರಿಗೆ ಇತ್ತು. ಸೋಂಕು ಇದೆ ಎಂಬ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ನೋಡಬೇಕಾದದ್ದು ಎರಡೇ: ಈ ವ್ಯಕ್ತಿ ಈ ಕೆಲಸವನ್ನು ಮಾಡಬಲ್ಲರೇ, ಕೆಲಸದ ಜಾಗದಲ್ಲಿ ಇತರರಿಗೆ ಇವರಿಂದ ಗಣನೀಯ ಅಪಾಯವಿದೆಯೇ. ಮುಂದೆ 2017ರ ಎಚ್‌ಐವಿ ಕಾಯ್ದೆ ಈ ರಕ್ಷಣೆಯನ್ನು ಖಾಸಗಿ ಸಂಸ್ಥೆಗಳಿಗೂ ಚಾಚಿತು. ಕ್ಷಯದಿಂದ ಗುಣವಾದವರಿಗೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಆದ್ದರಿಂದ ಖಾಸಗಿ ಆಸ್ಪತ್ರೆಯ ಮುಂದೆ ಈ ತೀರ್ಪನ್ನು ಹಿಡಿದು ವಾದಿಸಲು ಹೋಗುವುದರಲ್ಲಿ ಅರ್ಥವಿಲ್ಲ. ಆದರೆ ಆ ಎರಡು ಪ್ರಶ್ನೆಗಳು ಪತ್ರ ಬರೆಯುವವರಿಗೆ ಒಳ್ಳೆಯ ಅಳತೆಗೋಲು. ಇವೆರಡಕ್ಕೆ ಉತ್ತರ ಕೊಡುವ ವಾಕ್ಯ ಪತ್ರದಲ್ಲಿ ಇರಲಿ, ಕೊಡದ ವಾಕ್ಯ ಹೋಗಲಿ.

ಈ ಗೋಲು ಹಿಡಿದು ಮೇಲಿನ ಕರಡನ್ನು ಅಳೆದರೆ ಕಷ್ಟ, ದೇವರ ದಯೆ, ವಿಷಾದ, ಮನೆಯ ಪರಿಸ್ಥಿತಿ ಎಲ್ಲವೂ ಉದುರುತ್ತವೆ. ಇವು ನಿಜವಲ್ಲ ಎಂದಲ್ಲ, ಇಲ್ಲಿ ಇವಕ್ಕೆ ಕೆಲಸವಿಲ್ಲ. ಕಾಯಿಲೆಯ ಹೆಸರು? ಅದೂ ಹೋಗಬೇಕು. ಹೆಸರು ಬರೆಯದಿರುವುದು ಮುಚ್ಚಿಟ್ಟ ಹಾಗಲ್ಲವೇ ಎಂದು ಸಂಕೋಚದ ಸ್ವಭಾವದವರು ಕೇಳುತ್ತಾರೆ. ಎಚ್‌ಆರ್ ವಿಭಾಗದಲ್ಲಿ ಪತ್ರ ಓದುವವರು ವೈದ್ಯರಲ್ಲ. ‘ಎಂಡಿಆರ್ ಟಿಬಿ’ ಎಂಬ ಎರಡು ಪದಗಳಿಂದ ಅವರು ಆ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಕಂಡುಕೊಳ್ಳಲಾರರು. ಭಯವನ್ನು ಮಾತ್ರ ಕಂಡುಕೊಳ್ಳಬಲ್ಲರು. ಆ ಪತ್ರ ಅಲ್ಲಿಂದ ವಿಭಾಗದ ಮುಖ್ಯಸ್ಥರಿಗೆ, ಅಲ್ಲಿಂದ ಇನ್ನೊಬ್ಬರಿಗೆ ಇಮೇಲಿನಲ್ಲಿ ದಾಟುತ್ತದೆ. ಕೆಲಸ ಸಿಗುವ ಮೊದಲೇ ಇಡೀ ವಿಭಾಗಕ್ಕೆ ಈಕೆಯ ಶ್ವಾಸಕೋಶದ ಚರಿತ್ರೆ ಗೊತ್ತಾಗಿರುತ್ತದೆ. ಹೆಸರನ್ನು ಹೇಳಬೇಕಾದ ಜಾಗ ಬೇರೆ, ಹೇಳಬೇಕಾದ ವ್ಯಕ್ತಿ ಬೇರೆ. ಆಯ್ಕೆಯಾದ ಮೇಲೆ ನಡೆಯುವ ವೈದ್ಯಕೀಯ ತಪಾಸಣೆ ಆ ಜಾಗ, ಆಸ್ಪತ್ರೆಯ ವೈದ್ಯರು ಆ ವ್ಯಕ್ತಿ. ಅಲ್ಲಿ ಕೇಳಿದರೆ ಪೂರ್ತಿ ಸತ್ಯವನ್ನೇ ಹೇಳಬೇಕು. ಅಲ್ಲಿ ಬರೆದ ಸುಳ್ಳು ಮುಂದೆ ಕೆಲಸದಿಂದ ತೆಗೆಯಲು ಕಾರಣವಾಗಬಹುದು.

ಹಾಗೆಂದು ತಪಾಸಣೆಯ ಫಾರ್ಮಿನಲ್ಲಿ ಏನನ್ನು ಬೇಕಾದರೂ ಕೇಳಬಹುದು ಎಂದೂ ಅಲ್ಲ. ನೀರಾ ಮಾಥುರ್ ಅವರನ್ನು ಭಾರತೀಯ ಜೀವ ವಿಮಾ ನಿಗಮ ಪ್ರೊಬೇಷನ್ ಅವಧಿಯಲ್ಲೇ ಕೆಲಸದಿಂದ ತೆಗೆದಿತ್ತು. ಮುಟ್ಟಿನ ದಿನಾಂಕ, ಗರ್ಭಧಾರಣೆಗಳ ವಿವರಗಳನ್ನು ಕೇಳುವ ಘೋಷಣಾ ಪತ್ರದಲ್ಲಿ ತಪ್ಪು ಮಾಹಿತಿ ಕೊಟ್ಟರು ಎಂಬುದು ನಿಗಮದ ದೂರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿದ್ದಲ್ಲದೆ, ಅಂಥ ಪ್ರಶ್ನೆಗಳನ್ನೇ ಫಾರ್ಮಿನಿಂದ ಅಳಿಸಬೇಕು ಎಂದಿತು. ಕೆಲಸ ಕೊಡುವವರ ಕುತೂಹಲಕ್ಕೂ ಒಂದು ಬೇಲಿ ಇದೆ.

ಇದಕ್ಕೆ ವಿರುದ್ಧವಾದ ಸಲಹೆಯೊಂದು ಪ್ರತಿ ಮನೆಯಲ್ಲೂ ಸಿಗುತ್ತದೆ. ಯಾಕೆ ಸುಮ್ಮನೆ ಹೇಳಿಕೊಳ್ಳುತ್ತೀ, ಹಳೆಯ ಕೆಲಸದ ತಾರೀಖನ್ನು ಮುಂದಕ್ಕೆ ಎಳೆದುಬಿಡು, ಅಥವಾ ಮನೆಯ ಜವಾಬ್ದಾರಿ ಇತ್ತು ಎಂದು ಬರೆ. ಹೇಳುವವರು ಅಣ್ಣನೋ ಚಿಕ್ಕಪ್ಪನೋ, ಹೇಳುವುದು ಪ್ರೀತಿಯಿಂದಲೇ. ಆದರೆ ತಾರೀಖು ಎಳೆಯುವ ಕಾಲ ಹೋಯಿತು. ಪಿಎಫ್ ಇದ್ದ ಕೆಲಸವಾದರೆ ಆ ಖಾತೆಯ ಸೇವಾ ವಿವರದಲ್ಲಿ ಸೇರಿದ ದಿನವೂ ಬಿಟ್ಟ ದಿನವೂ ಇರುತ್ತದೆ. ಹಿನ್ನೆಲೆ ಪರಿಶೀಲಿಸುವವರು ಮೊದಲು ಕೇಳುವ ದಾಖಲೆಗಳಲ್ಲಿ ಅದೂ ಒಂದು. ಇಪ್ಪತ್ತೆರಡು ತಿಂಗಳ ಅಂತರವನ್ನು ಯಾರಾದರೂ ಕ್ಷಮಿಸಬಹುದು, ಎರಡು ತಿಂಗಳ ಸುಳ್ಳನ್ನು ಕ್ಷಮಿಸುವುದಿಲ್ಲ. ‘ಮನೆಯ ಜವಾಬ್ದಾರಿ’ ಎಂಬ ಉತ್ತರಕ್ಕಂತೂ ಹೆಂಗಸರ ಮಟ್ಟಿಗೆ ಇನ್ನೊಂದು ಅಪಾಯವಿದೆ. ಆ ಜವಾಬ್ದಾರಿ ಮತ್ತೆ ಯಾವಾಗ ಬರುತ್ತದೆ ಎಂಬ ಮುಂದಿನ ಪ್ರಶ್ನೆಗೆ ಅದು ತಾನೇ ಬಾಗಿಲು ತೆರೆಯುತ್ತದೆ. ಚಿಕಿತ್ಸೆಗೆ ಒಂದು ಮುಗಿದ ದಿನವಿದೆ, ಮನೆಯ ಜವಾಬ್ದಾರಿಗೆ ಅದಿಲ್ಲ.

ತಾರೀಖಿನ ಮಾತು ಬಂದಾಗ ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. ಈಕೆಯ ಅಂತರ ಅಂತರವೇ ಆಗಬೇಕಾಗಿರಲಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ ವ್ಯಾಪ್ತಿಗೆ ಬರುವ ಕೆಲಸದಲ್ಲಿದ್ದವರಿಗೆ ಸಾಮಾನ್ಯ ಕಾಯಿಲೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ನಗದು ಸಿಗುತ್ತದೆ. ಕ್ಷಯ, ಕ್ಯಾನ್ಸರ್ ಸೇರಿದಂತೆ ಪಟ್ಟಿಯಲ್ಲಿರುವ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷದ ವಿಮಾ ಸೇವೆ ಮುಂತಾದ ಷರತ್ತು ಪೂರೈಸಿದ್ದರೆ, ಶೇ 80ರಂತೆ ಎರಡು ವರ್ಷದವರೆಗೂ ಅದು ಮುಂದುವರಿಯಬಹುದು. ಆ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕರು ಕೆಲಸದಿಂದ ತೆಗೆಯುವಂತಿಲ್ಲ. ಈಕೆ ನಾಲ್ಕೂವರೆ ವರ್ಷ ಕೆಲಸ ಮಾಡಿದ್ದವರು; ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತವಿತ್ತು. ಆದರೆ ರೋಗ ಗೊತ್ತಾದ ವಾರವೇ, ಬೇರೆಯವರಿಗೆ ಯಾಕೆ ತೊಂದರೆ ಎಂದು ರಾಜೀನಾಮೆ ಬರೆದುಕೊಟ್ಟರು. ಯಾರೂ ತಡೆಯಲಿಲ್ಲ. ಆ ರಾಜೀನಾಮೆಯೂ ರಜೆ ಅರ್ಜಿಯ ಅಚ್ಚಿನದೇ: ಕಾಯಿಲೆ ಬಂದದ್ದು ತನ್ನ ತಪ್ಪು ಎಂಬಂತೆ. ಕೆಲಸದಲ್ಲಿ ಉಳಿದು ಸೌಲಭ್ಯ ಪಡೆದಿದ್ದರೆ ಇವತ್ತಿನ ಬಯೋಡೇಟಾದಲ್ಲಿ ‘ವೈದ್ಯಕೀಯ ರಜೆ’ ಎಂಬ ಒಂದು ಸಾಲು ಇರುತ್ತಿತ್ತು. ಹಾಗೆ ಉಳಿದವರು ಇದ್ದರೆ ಅವರು ಬರೆಯಬೇಕಾದದ್ದು ಅದನ್ನೇ. ಅವರಿಗೆ ಅಂತರವೇ ಇಲ್ಲ, ಸೇವೆ ಮುಂದುವರಿದಿದೆ.

ಈಗ ಭಾಷೆಯ ಕಡೆಗೆ ಬರೋಣ, ಏಕೆಂದರೆ ಈ ಪತ್ರ ಕೆಡುವುದು ವಾಕ್ಯದ ಒಳಗೆ. ಬೀದರಿನಲ್ಲಿ ಕೂತ ಈಕೆಯ ತಾಯಿಯನ್ನು ಮಗಳಿಗೆ ಏನಾಗಿತ್ತು ಎಂದು ಕೇಳಿದರೆ, ‘ಬ್ಯಾನಿ ಬಂದಿತ್ತು, ಹೋತು’ ಎನ್ನುತ್ತಾರೆ. ಕನ್ನಡದಲ್ಲಿ ಕಾಯಿಲೆ ಬರುತ್ತದೆ, ಹೋಗುತ್ತದೆ. ವಾಕ್ಯದಲ್ಲಿ ಬರುವುದೂ ಹೋಗುವುದೂ ಕಾಯಿಲೆಯ ಕೆಲಸ. ಮನುಷ್ಯರು ‘ನನಗೆ’, ‘ಅವಳಿಗೆ’ ಎಂಬ ಚತುರ್ಥಿಯಲ್ಲಿ, ಮನೆಗೆ ಬಂದ ಕರೆಯದ ನೆಂಟನನ್ನು ನೋಡುತ್ತ ನಿಂತವರ ಹಾಗೆ ಪಕ್ಕದಲ್ಲಿ ಇರುತ್ತಾರೆ. ಹೈದರಾಬಾದಿನ ಬೀದಿಯ ಉಳಿದ ಮಾತುಗಳೂ ಹಾಗೆಯೇ. ತೆಲುಗಿನವರು ‘ನಾಕು ಜ್ವರಂ ವಚ್ಚಿಂದಿ’ ಎನ್ನುತ್ತಾರೆ, ದಖನಿಯವರು ‘ಮೇರೇಕು ಬುಖಾರ್ ಆಯಾ’ ಎನ್ನುತ್ತಾರೆ. ಅರ್ಜಿಯ ಇಂಗ್ಲಿಷ್ ಮಾತ್ರ ‘ಐ ವಾಸ್ ಸಫರಿಂಗ್’ ಎಂದು ಮನುಷ್ಯರನ್ನು ಮೊದಲ ಜಾಗಕ್ಕೆ ತಂದು, ಬಳಲುವುದನ್ನೇ ಅವರ ಕೆಲಸವನ್ನಾಗಿ ಮಾಡುತ್ತದೆ. ಅದನ್ನು ನೋಡಿ ನಮ್ಮ ಬರಹದ ಕನ್ನಡವೂ ‘ಬಳಲುತ್ತಿದ್ದೆ’ಯನ್ನು ಕಲಿತಿದೆ. ‘ಬಳಲುತ್ತಿದ್ದೆ’ ಎಂಬ ಕ್ರಿಯೆಗೆ ಕೊನೆ ಎಲ್ಲಿದೆ ಎಂದು ವಾಕ್ಯ ಹೇಳುವುದಿಲ್ಲ. ‘ಬಂತು, ಹೋಯಿತು’ ಎಂಬುದರಲ್ಲಿ ಕೊನೆ ವಾಕ್ಯದಲ್ಲೇ ಇದೆ.

ಹೈದರಾಬಾದಿನ ಆಸ್ಪತ್ರೆಗೆ ಹೋಗುವ ಪತ್ರ ಇಂಗ್ಲಿಷಿನಲ್ಲೇ ಇರುತ್ತದೆ, ಅದನ್ನು ತಪ್ಪಿಸಲಾಗದು. ಆದರೆ ಮೊದಲು ತಾಯಿಯ ವಾಕ್ಯದಲ್ಲಿ ಯೋಚಿಸಿ ಆಮೇಲೆ ಇಂಗ್ಲಿಷಿಗೆ ದಾಟಿಸಿದರೆ, ‘ಚಿಕಿತ್ಸೆ’ ಕರ್ತೃವಾಗುತ್ತದೆ, ‘ಮುಗಿಯಿತು’ ಕ್ರಿಯೆಯಾಗುತ್ತದೆ. ಈಕೆಯ ಪತ್ರದಲ್ಲಿ ಮೊದಲ ಎರಡು ಪ್ಯಾರಾ ಕೆಲಸದ ಬಗ್ಗೆ ಇರಲಿ: ಯಾವ ಹುದ್ದೆ, ಹಿಂದೆ ಯಾವ ಯಂತ್ರಗಳ ಮೇಲೆ ಕೆಲಸ ಮಾಡಿದ್ದು, ದಿನಕ್ಕೆ ಸುಮಾರು ಎಷ್ಟು ಮಾದರಿ ನೋಡುತ್ತಿದ್ದದ್ದು. ಅಂತರ ಬರಬೇಕಾದದ್ದು ಮೂರನೆಯ ಪ್ಯಾರಾದಲ್ಲಿ, ನಾಲ್ಕು ವಾಕ್ಯಗಳಲ್ಲಿ:

‘2023ರ ಫೆಬ್ರುವರಿಯಿಂದ 2024ರ ನವೆಂಬರ್‌ವರೆಗೆ ವೈದ್ಯಕೀಯ ಚಿಕಿತ್ಸೆ ಮತ್ತು ವಿಶ್ರಾಂತಿಗಾಗಿ ಕೆಲಸದಿಂದ ಹೊರಗಿದ್ದೆ. ಚಿಕಿತ್ಸೆ 2024ರ ಸೆಪ್ಟೆಂಬರ್‌ನಲ್ಲಿ ಪೂರ್ಣಗೊಂಡಿತು. 2024ರ ಡಿಸೆಂಬರ್‌ನಿಂದ ಒಂದು ಲ್ಯಾಬಿನಲ್ಲಿ ದಿನಕ್ಕೆ ನಾಲ್ಕು ಗಂಟೆ ರಕ್ತದ ಮಾದರಿ ಸಂಗ್ರಹಿಸುವ ಕೆಲಸ ಮಾಡುತ್ತಿದ್ದೇನೆ. ಪೂರ್ಣಾವಧಿ ಕೆಲಸಕ್ಕೆ ಯಾವ ನಿರ್ಬಂಧವೂ ಇಲ್ಲವೆಂಬ ವೈದ್ಯರ ಪ್ರಮಾಣಪತ್ರ ನನ್ನಲ್ಲಿದೆ; ಚಿಕಿತ್ಸೆಯ ದಾಖಲೆಗಳನ್ನು ಆಯ್ಕೆಯ ನಂತರದ ತಪಾಸಣೆಯಲ್ಲಿ ನಿಮ್ಮ ವೈದ್ಯರಿಗೆ ಕೊಡುತ್ತೇನೆ.’

ನಾಲ್ಕನೆಯ ಪ್ಯಾರಾ ಮತ್ತೆ ಕೆಲಸಕ್ಕೆ ಮರಳುತ್ತದೆ: ಯಾವ ದಿನದಿಂದ ಸೇರಬಹುದು, ರಾತ್ರಿ ಪಾಳಿ ಆಗುತ್ತದೆಯೇ. ಪತ್ರದ ಕೊನೆಯ ಮಾತು ಕಾಯಿಲೆಯದಾಗಿದ್ದರೆ ಓದುವವರ ನೆನಪಿನಲ್ಲಿ ಉಳಿಯುವುದೂ ಅದೇ.

ಈ ನಾಲ್ಕು ವಾಕ್ಯಗಳಲ್ಲಿ ಮೊದಲನೆಯದು ತಾರೀಖು ಹೇಳುತ್ತದೆ, ಪಿಎಫ್ ದಾಖಲೆಗೆ ಹೊಂದುತ್ತದೆ. ಎರಡನೆಯದು ಮುಗಿಯಿತು ಎನ್ನುತ್ತದೆ. ಮೂರನೆಯದು ಮಾಡಬಲ್ಲರೇ ಎಂಬ ಪ್ರಶ್ನೆಗೆ ಉತ್ತರ. ನಾಲ್ಕನೆಯದು ಅಪಾಯವಿದೆಯೇ ಎಂಬ ಪ್ರಶ್ನೆಯನ್ನು ಅದಕ್ಕೆ ಉತ್ತರ ಹೇಳಬಲ್ಲ ಒಬ್ಬರೇ ವ್ಯಕ್ತಿಗೆ, ಅಂದರೆ ವೈದ್ಯರಿಗೆ ತಲುಪಿಸುತ್ತದೆ. ಪ್ರಮಾಣಪತ್ರವನ್ನು ಇಮೇಲಿಗೆ ಲಗತ್ತಿಸಬಾರದು, ಇದೆ ಎಂದಷ್ಟೇ ಹೇಳಬೇಕು. ಅದರ ಮೇಲೆ ಕಾಯಿಲೆಯ ಹೆಸರು ಇರಬಹುದು.

ಆಸ್ಪತ್ರೆಯಲ್ಲದೆ ಒಂದು ಕಚೇರಿಯ ಕೆಲಸವಾದರೆ ನಾಲ್ಕನೆಯ ವಾಕ್ಯದ ಎರಡನೆಯ ಅರ್ಧವೂ ಬೇಡ. ಚಿಕಿತ್ಸೆ ಇನ್ನೂ ನಡೆಯುತ್ತಿದ್ದರೆ ಹೇಳಬೇಕಾದದ್ದು ಕೆಲಸದ ಮೇಲೆ ಬೀಳುವ ಪರಿಣಾಮವನ್ನು ಮಾತ್ರ: ತಿಂಗಳಿಗೊಮ್ಮೆ ಅರ್ಧ ದಿನ ಆಸ್ಪತ್ರೆಗೆ ಹೋಗಬೇಕು ಎಂದು. ಯಾವ ಆಸ್ಪತ್ರೆ, ಯಾವ ವಿಭಾಗ ಎಂಬುದು ಬೇಡ. ಎರ್ರಗಡ್ಡದ ಚೆಸ್ಟ್ ಆಸ್ಪತ್ರೆ ಎಂದರೆ ಕಾಯಿಲೆಯ ಹೆಸರು ಹೇಳಿದಂತೆಯೇ, ರೆಡ್ ಹಿಲ್ಸ್‌ನ ಎಂಎನ್‌ಜೆ ಎಂದರೆ ಕ್ಯಾನ್ಸರ್ ಎಂದಂತೆಯೇ. ಹೈದರಾಬಾದಿನಲ್ಲಿ ವಿಳಾಸವೂ ಒಂದು ರೋಗನಿರ್ಣಯ.

ಇಷ್ಟಾದರೂ ಕೆಲಸ ತಪ್ಪುವ ಒಂದು ಜಾಗ ಮುಂದೆ ಇದೆ. ಪತ್ರ ಹಿಡಿಸಿತು, ಸಂದರ್ಶನ ಮುಗಿಯಿತು, ಆಯ್ಕೆಯೂ ಆಯಿತು ಎಂದುಕೊಳ್ಳೋಣ. ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಗುಣವಾದ ಕ್ಷಯ ಶ್ವಾಸಕೋಶದಲ್ಲಿ ಕಲೆ ಬಿಟ್ಟು ಹೋಗುತ್ತದೆ, ಸುಟ್ಟ ಗಾಯ ಮಾದ ಮೇಲೂ ಚರ್ಮದ ಮೇಲೆ ಗುರುತು ಉಳಿಯುವ ಹಾಗೆ. ಎಕ್ಸ್‌ರೇ ವರದಿ ಬರೆಯುವವರು ‘ಓಲ್ಡ್ ಕಾಕ್ಸ್’ ಎಂದು ಬರೆಯುತ್ತಾರೆ. ಕ್ಷಯದ ಬ್ಯಾಕ್ಟೀರಿಯಾವನ್ನು 1882ರಲ್ಲಿ ಗುರುತಿಸಿದ ರಾಬರ್ಟ್ ಕಾಕ್ ಹೆಸರಿನಿಂದ ಬಂದ ವೈದ್ಯರ ಸಂಕೇತ ಅದು. ಇಲ್ಲಿ ಅರ್ಥ, ಹಿಂದೆ ಎಂದೋ ಬಂದು ಹೋದ ಕ್ಷಯ. ಆದರೆ ಒಂದೇ ಒಂದು ಎಕ್ಸ್‌ರೇ ನೋಡಿ ಆ ಕಲೆ ಹಳೆಯದೋ ಹೊಸದೋ ಎಂದು ಖಚಿತವಾಗಿ ಹೇಳುವುದು ಕಷ್ಟ. ಸಂಶಯ ಬಂದರೆ ಕಫ ಪರೀಕ್ಷೆ, ಕಲ್ಚರ್ ಬೇಕು ಎನ್ನುತ್ತಾರೆ. ದ್ರವ ಮಾಧ್ಯಮದ ಕಲ್ಚರಿನಲ್ಲಿ ಏನೂ ಬೆಳೆದಿಲ್ಲ ಎಂದು ಹೇಳಲು 42 ದಿನ ಕಾಯಬೇಕು. ಅಷ್ಟರಲ್ಲಿ ಆ ಹುದ್ದೆಗೆ ಇನ್ನೊಬ್ಬರು ಬಂದಿರುತ್ತಾರೆ. ಯಾರೂ ಈಕೆಯನ್ನು ತಿರಸ್ಕರಿಸಿರುವುದಿಲ್ಲ. ಕಡತ ‘ಪೆಂಡಿಂಗ್’ ಇರುತ್ತದೆ, ಅಷ್ಟೇ.

ಇದನ್ನು ತಡೆಯುವುದು ಮೂರು ಕಾಗದ. ಮೊದಲನೆಯದು, ಚಿಕಿತ್ಸೆ ಮುಗಿದಾಗ ತೆಗೆದ ಎಕ್ಸ್‌ರೇ. ಅದನ್ನು ಹೊಸ ಎಕ್ಸ್‌ರೇ ಪಕ್ಕ ಇಟ್ಟು ನೋಡಿದರೆ ಕಲೆ ಬದಲಾಗಿಲ್ಲ ಎಂಬುದು ವೈದ್ಯರಿಗೆ ಕಾಣುತ್ತದೆ. ಎರಡನೆಯದು, ಚಿಕಿತ್ಸೆಯ ಫಲಿತಾಂಶ ಬರೆದ ಪ್ರಮಾಣಪತ್ರ. ಇದರಲ್ಲಿ ಒಂದು ಪದದ ವ್ಯತ್ಯಾಸ ದೊಡ್ಡದು. ‘ಕ್ಯೂರ್ಡ್’, ಅಂದರೆ ಗುಣವಾಗಿದೆ ಎಂದು ಬರೆಯಬೇಕಾದರೆ ಕಲ್ಚರ್ ವರದಿಗಳು ಸತತವಾಗಿ ನೆಗೆಟಿವ್ ಬಂದ ದಾಖಲೆ ಇರಬೇಕು. ಆ ದಾಖಲೆ ಸಾಲದಿದ್ದರೆ ‘ಟ್ರೀಟ್‌ಮೆಂಟ್ ಕಂಪ್ಲೀಟೆಡ್’ ಎಂದು ಬರೆಯುತ್ತಾರೆ. ಗುಳಿಗೆ ನುಂಗಿದ್ದು ಎರಡರಲ್ಲೂ ಅಷ್ಟೇ, ಆದರೆ ಎರಡನೆಯ ಪದ ಓದಿದ ವೈದ್ಯರಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಆದ್ದರಿಂದ ಕೊನೆಯ ತಿಂಗಳುಗಳ ಕಫ ಪರೀಕ್ಷೆಗಳನ್ನು ‘ಈಗ ಕೆಮ್ಮೇ ಇಲ್ಲವಲ್ಲ’ ಎಂದು ಬಿಟ್ಟುಬಿಡುವುದು ಆರೋಗ್ಯಕ್ಕೂ ಒಳ್ಳೆಯದಲ್ಲ, ಮುಂದಿನ ಕೆಲಸಕ್ಕೂ ಒಳ್ಳೆಯದಲ್ಲ. ಮೂರನೆಯದು, ಚಿಕಿತ್ಸೆಯ ನಂತರದ ತಪಾಸಣೆಯ ಚೀಟಿ. ಮುಗಿದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಕರೆಯುತ್ತಾರೆ. ಈಕೆಯ ಮೊದಲ ಸರದಿ 2025ರ ಮಾರ್ಚ್‌ನಲ್ಲಿ ಆಗಿದೆ, ಅರ್ಜಿ ಏಪ್ರಿಲ್‌ನದು. ಒಂದು ತಿಂಗಳ ಹಿಂದಿನ ವರದಿ ಕೈಯಲ್ಲಿರುವುದು ಯಾವ ವಿಶೇಷಣಕ್ಕಿಂತಲೂ ಹೆಚ್ಚಿನ ಮಾತು.

ಇದರ ಜೊತೆಗೆ ಒಂದು ಪ್ರಾಮಾಣಿಕ ಲೆಕ್ಕವನ್ನು ಈಕೆ ತನ್ನೊಂದಿಗೆ ತಾನೇ ಮಾಡಿಕೊಳ್ಳಬೇಕು. ಈ ಚಿಕಿತ್ಸೆಯಲ್ಲಿ ಕೊಡುವ ಲಿನೆಜೋಲಿಡ್ ಎಂಬ ಔಷಧ ಕೆಲವರಿಗೆ ಕೈಕಾಲಿನ ನರಗಳಲ್ಲಿ ಜೋಮು ಉಳಿಸುತ್ತದೆ. ಕ್ಲೋಫಾಜಿಮಿನ್ ಚರ್ಮವನ್ನು ಕಪ್ಪಾಗಿಸುತ್ತದೆ, ಅದು ತಿಳಿಯಾಗಲು ತಿಂಗಳುಗಳು ಬೇಕು. ಹಿಂದೆ ಕೊಡುತ್ತಿದ್ದ ಚುಚ್ಚುಮದ್ದು ಎಷ್ಟೋ ಜನರ ಕಿವಿಯನ್ನೇ ಕಿತ್ತುಕೊಂಡಿತ್ತು. ಚರ್ಮದ ಬಣ್ಣಕ್ಕೂ ಕೆಲಸಕ್ಕೂ ಸಂಬಂಧವಿಲ್ಲ, ಅದರ ಬಗ್ಗೆ ಯಾರಿಗೂ ಉತ್ತರಿಸಬೇಕಾಗಿಲ್ಲ. ಆದರೆ ಬೆರಳ ತುದಿಯಲ್ಲಿ ಜೋಮು ಇದ್ದರೆ ರಕ್ತನಾಳ ಹುಡುಕಿ ಸೂಜಿ ಹಾಕುವ ಕೆಲಸಕ್ಕೆ ಸಂಬಂಧವಿದೆ. ಈಕೆಯ ಕಾಲಿನ ಹೆಬ್ಬೆರಳಲ್ಲಿ ಮಾತ್ರ ಸ್ವಲ್ಪ ಜೋಮು ಉಳಿದಿದೆ, ಕೈ ಸರಿಯಿದೆ. ನಾಲ್ಕು ತಿಂಗಳ ಬೆಳಗಿನ ಕೆಲಸ ಅದನ್ನು ತೋರಿಸಿದೆ. ಕೈಯಲ್ಲೂ ಇದ್ದಿದ್ದರೆ ರಕ್ತ ತೆಗೆಯುವ ಹುದ್ದೆಗೆ ಬದಲು ಯಂತ್ರ ನೋಡಿಕೊಳ್ಳುವ, ವರದಿ ದಾಖಲಿಸುವ ಹುದ್ದೆಗೆ ಅರ್ಜಿ ಹಾಕುವುದು ಸರಿ. ಹಾಗೆಯೇ ಕ್ಷಯದ ಕಲ್ಚರ್ ಮಾಡುವ ಕೋಣೆಗೆ ತನ್ನನ್ನು ಹಾಕಬೇಡಿ ಎಂದು ಕೇಳಬೇಕೆನಿಸಿದರೆ ಅದೂ ನ್ಯಾಯವೇ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬ ನಿಯಮವಿಲ್ಲ. ಆದರೆ ಆ ಮಾತು ಪತ್ರದ್ದಲ್ಲ. ಆಯ್ಕೆಯಾದ ಮೇಲೆ ವೈದ್ಯರ ಮುಂದೆ ಆಡಬೇಕಾದದ್ದು.

ಚೆನ್ನಾಗಿ ಬರೆದ ಪತ್ರವೊಂದು ಪೂರ್ವಗ್ರಹವನ್ನು ಗೆಲ್ಲುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅಂತರ ಕಂಡ ಕೂಡಲೇ ಬಯೋಡೇಟಾವನ್ನು ಪಕ್ಕಕ್ಕೆ ಸರಿಸುವವರು ಮೂರನೆಯ ಪ್ಯಾರಾದವರೆಗೆ ಓದುವುದೇ ಇಲ್ಲ. ಪತ್ರ ಕೆಲಸ ಮಾಡುವುದು ಓದುವವರ ಮೇಲೆ, ಸಂಶಯದಲ್ಲಿರುವವರ ಮೇಲೆ ಮಾತ್ರ. ಉಳಿದದ್ದನ್ನು ಸರಿಮಾಡಬೇಕಾದವರು ಆಸ್ಪತ್ರೆಯವರೇ, ಅವರಿಗದು ಕಷ್ಟವೂ ಅಲ್ಲ. ಅರ್ಜಿ ಫಾರ್ಮಿನಲ್ಲಿ ‘ಅಂತರಕ್ಕೆ ಕಾರಣ’ ಎಂದು ಕೇಳುವ ಬದಲು ಅಂತರದ ತಾರೀಖನ್ನೂ ಈಗ ಕೆಲಸಕ್ಕೆ ಲಭ್ಯವಿರುವ ದಿನವನ್ನೂ ಕೇಳಬಹುದು. ಕಾಯಿಲೆಯ ಪ್ರಶ್ನೆಯನ್ನು ಎಚ್‌ಆರ್ ಮೇಜಿನಿಂದ ವೈದ್ಯರ ಕೋಣೆಗೆ ಸಾಗಿಸಬಹುದು, ಅಲ್ಲಿಂದ ಎಚ್‌ಆರ್‌ಗೆ ಮರಳುವ ಕಾಗದದಲ್ಲಿ ‘ಕೆಲಸಕ್ಕೆ ಅರ್ಹ’ ಅಥವಾ ‘ಈ ನಿರ್ಬಂಧದೊಂದಿಗೆ ಅರ್ಹ’ ಎಂದಷ್ಟೇ ಇರಬಹುದು. ವಾರ್ಡಿನಲ್ಲಿ ರೋಗಿಗಳಿಗೆ ‘ಗುಳಿಗೆ ಪೂರ್ತಿ ಮುಗಿಸಿ, ಗುಣವಾಗುತ್ತದೆ’ ಎಂದು ದಿನವೂ ಹೇಳುವ ಸಂಸ್ಥೆ, ಪೂರ್ತಿ ಮುಗಿಸಿ ಗುಣವಾದ ಒಬ್ಬರು ಕೆಲಸ ಕೇಳಿಕೊಂಡು ಬಂದಾಗ ಆ ಮಾತನ್ನು ತಾನೇ ನಂಬಬೇಕಲ್ಲವೇ?

ಅಲ್ಲಿಯವರೆಗೆ ಈಕೆಯ ಕೈಯಲ್ಲಿರುವುದು ಆ ನಾಲ್ಕು ವಾಕ್ಯ. ಪತ್ರ ಕಳಿಸುವ ಮುನ್ನ ಒಂದು ಸಲ ಗಟ್ಟಿಯಾಗಿ ಓದಿಕೊಂಡು, ಎಲ್ಲಾದರೂ ‘ದಯವಿಟ್ಟು’, ‘ವಿಷಾದ’, ‘ಬಳಲುತ್ತಿದ್ದೆ’ ಕಿವಿಗೆ ಬಿದ್ದರೆ ಅಲ್ಲಿ ರಜೆ ಅರ್ಜಿ ಇಣುಕಿದೆ ಎಂದು ತಿಳಿದು ಹೊಡೆದುಹಾಕಬೇಕು. ಇಪ್ಪತ್ತು ತಿಂಗಳು ಒಂದು ದಿನ ತಪ್ಪದೆ ಗುಳಿಗೆ ನುಂಗಿದವರು ಯಾರಲ್ಲೂ ರಜೆ ಕೇಳಬೇಕಾಗಿಲ್ಲ. ಅವರ ರಜೆ ಮುಗಿದಿದೆ.